ಅದೇ ನಕ್ಷತ್ರ, ಅದೇ 31 ದಿನ, ಆದ್ರೆ ಆಂಡ್ರೊಮಿಡಾ ದೂರ 9 ಲಕ್ಷದಿಂದ 25 ಲಕ್ಷಕ್ಕೆ ಹೋಗಿದ್ದು ಹೇಗೆ?

ಮಂಜುಳಾ
ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷ್ಯ ತಲೆ ಕೊರೀತಾ ಇದೆ, ಗೊತ್ತಿರೋರು ಬಿಡಿಸಿ ಹೇಳಿ. 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್‌ನ 100 ಇಂಚಿನ ಟೆಲಿಸ್ಕೋಪಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೋ ತೆಗೆದ್ರು. ಆ ಗಾಜಿನ ಪ್ಲೇಟ್ ಮೇಲೆ ಒಂದು ಚುಕ್ಕಿಗೆ ಮೊದ್ಲು ನೋವಾ ಅಂತ N ಗುರುತು ಹಾಕಿ, ಆಮೇಲೆ ಅದನ್ನ ಹೊಡೆದು VAR! ಅಂತ ಬರೆದಿದ್ದಾರೆ. ಅಂದ್ರೆ ಅದು ಸಿಡಿದ ನಕ್ಷತ್ರ ಅಲ್ಲ, ಬೆಳಕು ಏರಿಳಿಯೋ ಸೆಫೀಡ್. ಅವಧಿ 31.4 ದಿನ. ಇಷ್ಟು ಅವಧಿ ಇದ್ರೆ ನಿಜವಾದ ಪ್ರಕಾಶ ಇಷ್ಟು, ಇಲ್ಲಿಂದ ನೋಡಿದ್ರೆ ಇಷ್ಟು ಮಂಕು, ಹಾಗಾದ್ರೆ ದೂರ ಇಷ್ಟು ಅಂತ ಲೆಕ್ಕ ಹಾಕಿ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಅಂದ್ರು. ಇವತ್ತು ಎಲ್ಲಿ ಓದಿದ್ರೂ 25 ಲಕ್ಷ ಅಂತಿದೆ.

ನಕ್ಷತ್ರ ಬದಲಾಗಿಲ್ಲ, ಅವಧಿ ಬದಲಾಗಿಲ್ಲ, ದೂರ ಮಾತ್ರ ಹತ್ರಹತ್ರ ಮೂರು ಪಟ್ಟು. ಅಷ್ಟು ದೊಡ್ಡ ತಪ್ಪು ಎಲ್ಲಿ ಕೂತಿತ್ತು? ಮತ್ತೆ ಒಂದ್ಸಲ ಅಷ್ಟು ತಪ್ಪಿದ ಅಳತೆಕೋಲನ್ನ ಈಗ ಯಾವ ಧೈರ್ಯದ ಮೇಲೆ ನಂಬೋದು?

ಗೋಪಿ
ಒಳ್ಳೆ ಪ್ರಶ್ನೆ. ನಾನೂ ಕಾಯ್ತೀನಿ.

ವಿನಯ್
ಪಲ್ಸಾರ್‌ಗಳು ಪರಮಾಣು ಗಡಿಯಾರದ ಥರ ಕರಾರುವಾಕ್ಕು ಅಂತ ಓದಿದೀನಲ್ಲ, ಒಂದು ಸೆಕೆಂಡಿಗೆ ನೂರಾರು ಸಲ ಮಿಡಿಯೋವೂ ಇವೆ. 31 ದಿನ ಅನ್ನೋದೇ ತಪ್ಪಿರಬಹುದು ಅಲ್ವಾ?

ರಾತ್ರಿಪಾಳಿ
ವಿನಯ್, ಅದು ಬೇರೆ ಇದು ಬೇರೆ. ಪಲ್ಸಾರ್ ಸತ್ತ ನಕ್ಷತ್ರದ ತಿರುಳು, ಅದು ಮಿಡಿಯಲ್ಲ, ಗಿರಗಿರ ತಿರುಗುತ್ತೆ, ಅದರ ಕಿರಣ ನಮ್ಮ ಕಡೆ ಹಾದಾಗೆಲ್ಲ ಒಂದು ಮಿಣುಕು. ಸೆಫೀಡ್ ನಿಜವಾಗ್ಲೂ ಉಬ್ಬಿ ಕುಗ್ಗುತ್ತೆ, ಇಡೀ ನಕ್ಷತ್ರ. ಹೆಸರು ಒಂದೇ ಥರ ಕೇಳಿಸುತ್ತೆ, ಅದಕ್ಕೆ ಈ ಗೊಂದಲ ಎಲ್ರಿಗೂ ಆಗುತ್ತೆ.

ವಿನಯ್
ಓ ಸರಿ ಸರಿ, ಥ್ಯಾಂಕ್ಸ್. ಉಬ್ಬಿ ಕುಗ್ಗೋದಕ್ಕೂ ಪ್ರಕಾಶಕ್ಕೂ ಯಾಕೆ ಸಂಬಂಧ ಇರಬೇಕು ಆದ್ರೆ?

ಲೆಕ್ಕದ ಮೇಷ್ಟ್ರು
ಮಂಜುಳಾ ಅವರೇ, ಉತ್ತರ ಸರಳ ಇದೆ. ಧೂಳು. ನಕ್ಷತ್ರಗಳ ನಡುವೆ ಧೂಳಿದೆ, ಅದು ಬೆಳಕನ್ನ ನುಂಗುತ್ತೆ ಅನ್ನೋದು 1920ರ ದಶಕದಲ್ಲಿ ಯಾರೂ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಹಬಲ್ ಕೂಡ ತಗೊಳ್ಳಲಿಲ್ಲ. ಆಮೇಲೆ ಅದನ್ನ ಸರಿ ಮಾಡಿದಾಗ ದೂರ ಬದಲಾಯ್ತು. ಅಷ್ಟೇ.

ಮಂಜುಳಾ
ಮೇಷ್ಟ್ರೇ, ಅಲ್ಲೇ ನಂಗೆ ಅರ್ಥ ಆಗ್ತಿಲ್ಲ. ದಾರೀಲಿ ಧೂಳಿದ್ರೆ ನಕ್ಷತ್ರ ಇರೋದಕ್ಕಿಂತ ಮಂಕಾಗಿ ಕಾಣುತ್ತೆ, ನಾವು ಇನ್ನೂ ದೂರ ಇದೆ ಅಂದ್ಕೋತೀವಿ. ಧೂಳನ್ನ ಲೆಕ್ಕ ಹಿಡಿದ್ರೆ ಆಂಡ್ರೊಮಿಡಾ ಹತ್ರ ಬರಬೇಕು. ಇದು ಉಲ್ಟಾ ದೂರ ಹೋಗಿದೆ ಅಲ್ವಾ?

ಲೆಕ್ಕದ ಮೇಷ್ಟ್ರು
ಹೌದಲ್ಲ. ನೀವು ಹೇಳೋದು ಸರಿ, ನಾನು ಆ ದಿಕ್ಕು ಯೋಚನೆ ಮಾಡಿರ್ಲಿಲ್ಲ. ಆದ್ರೂ ಧೂಳಿಗೆ ಇದರಲ್ಲಿ ಕೈ ಇದೆ ಅಂತ ಖಚಿತವಾಗಿ ಓದಿದ ನೆನಪು.

ರಾತ್ರಿಪಾಳಿ
ಮೇಷ್ಟ್ರೇ ನಿಮ್ಮ ನೆನಪು ಸರಿ ಇದೆ, ಮಂಜುಳಾ ಅವರ ತರ್ಕವೂ ಸರಿ ಇದೆ. ಧೂಳು ಆಟ ಆಡಿದ್ದು ಆಂಡ್ರೊಮಿಡಾ ಕಡೆ ಅಲ್ಲ, ನಮ್ಮ ಕಡೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

1912ರಲ್ಲಿ ಹೆನ್ರಿಯೆಟ್ಟಾ ಲೆವಿಟ್ ಹಾರ್ವರ್ಡ್‌ನಲ್ಲಿ ಚಿಕ್ಕ ಮೆಗಲಾನಿಕ್ ಮೋಡ ಅನ್ನೋ ಪಕ್ಕದ ಪುಟ್ಟ ಗ್ಯಾಲಕ್ಸಿಯ 25 ನಕ್ಷತ್ರ ತಗೊಂಡು ಅವಧಿ ಮತ್ತೆ ಬೆಳಕು ಜೋಡಿಸಿದ್ರು. ಅವಧಿ ಸುಮಾರು ಒಂದೂಕಾಲು ದಿನದಿಂದ 127 ದಿನದವರೆಗೆ ಇತ್ತು, ಅವಧಿ ಉದ್ದ ಇದ್ದಷ್ಟೂ ನಕ್ಷತ್ರ ಪ್ರಕಾಶಮಾನ. ಆ 25ಕ್ಕೂ ದೂರ ಒಂದೇ, ಯಾಕಂದ್ರೆ ಎಲ್ಲಾ ಒಂದೇ ಮೋಡದೊಳಗಿವೆ. ಹಾಗಾಗಿ ಒಂದು ಇನ್ನೊಂದಕ್ಕಿಂತ ಎಷ್ಟು ಪಟ್ಟು ಪ್ರಕಾಶ ಅಂತ ಖಚಿತವಾಗಿ ಗೊತ್ತಾಯ್ತು. ಆದ್ರೆ ಆ ಮೋಡ ಎಷ್ಟು ದೂರ ಅನ್ನೋದು ಗೊತ್ತಿರ್ಲಿಲ್ಲ, ಹಾಗಾಗಿ ಯಾವ ಒಂದು ನಕ್ಷತ್ರದ ನಿಜವಾದ ಪ್ರಕಾಶವೂ ಗೊತ್ತಿರ್ಲಿಲ್ಲ. ಗ್ರಾಫಲ್ಲಿ ಗೆರೆಯ ಓರೆ ಸಿಕ್ತು, ಗೆರೆ ಎಷ್ಟು ಎತ್ತರದಲ್ಲಿ ಕೂರಬೇಕು ಅನ್ನೋದು ಸಿಕ್ಲಿಲ್ಲ. ಕಥೆಯೆಲ್ಲ ಆ ಎತ್ತರದ್ದು.

ಎತ್ತರ ಕಟ್ಟೋಕೆ ನಮ್ಮದೇ ಕ್ಷೀರಪಥದ ಹತ್ತಿರದ ಸೆಫೀಡ್‌ಗಳು ಬೇಕು. ಹರ್ಟ್ಸ್‌ಸ್ಪ್ರುಂಗ್ 1913ರಲ್ಲಿ, ಆಮೇಲೆ ಶಾಪ್ಲಿ, ಅವುಗಳ ಚಲನೆ ನೋಡಿ ಸರಾಸರಿ ದೂರ ಅಂದಾಜು ಮಾಡಿದ್ರು. ಇಲ್ಲಿ ಧೂಳು ಬರುತ್ತೆ ಮೇಷ್ಟ್ರೇ. ಈ ಸೆಫೀಡ್‌ಗಳು ಕ್ಷೀರಪಥದ ತಟ್ಟೆಯಲ್ಲೇ, ಧೂಳಿನ ಮಧ್ಯದಲ್ಲೇ ಇರೋವು. ಅವು ಮಂಕಾಗಿ ಕಂಡಿದ್ದು ಧೂಳಿಂದ, ಆದ್ರೆ ಇವರು ಅವುಗಳ ಸ್ವಭಾವವೇ ಅಷ್ಟು ಅಂದ್ಕೊಂಡ್ರು. ಚಲನೆಯ ಅಂದಾಜಲ್ಲೂ ದೋಷ ಇತ್ತು. ಒಟ್ಟು ಗೆರೆ ಸುಮಾರು ಒಂದೂವರೆ ಮ್ಯಾಗ್ನಿಟ್ಯೂಡ್ ಕೆಳಗೆ ಕೂತ್ಬಿಡ್ತು. ಮ್ಯಾಗ್ನಿಟ್ಯೂಡ್ ಅಂದ್ರೆ ನಕ್ಷತ್ರದ ಬೆಳಕಿನ ಅಳತೆ, ಸಂಖ್ಯೆ ಜಾಸ್ತಿ ಆದಷ್ಟೂ ನಕ್ಷತ್ರ ಮಂಕು. ಅಳತೆಗೆ ಇಟ್ಕೊಂಡ ದೀಪವನ್ನೇ ಕಡಿಮೆ ವ್ಯಾಟಿನದ್ದು ಅಂದ್ಕೊಂಡ್ರೆ, ದೂರದಲ್ಲಿ ಅದೇ ಥರದ ದೀಪ ನೋಡಿದಾಗ ಹತ್ರ ಇದೆ ಅಂತ ಅನ್ಸುತ್ತೆ.

ಲೆಕ್ಕದ ಮೇಷ್ಟ್ರು
ಆಹಾ, ಈಗ ಕೂತ್ಕೊಳ್ತು. ಒಂದೂವರೆ ಮ್ಯಾಗ್ನಿಟ್ಯೂಡ್ ಅಂದ್ರೆ ಬೆಳಕಲ್ಲಿ 4 ಪಟ್ಟು, ದೂರದ ವರ್ಗಕ್ಕೆ ತಕ್ಕ ಹಾಗೆ ಬೆಳಕು ಇಳಿಯೋದ್ರಿಂದ ದೂರದಲ್ಲಿ ಸರಿಯಾಗಿ 2 ಪಟ್ಟು. 9 ಲಕ್ಷ 18 ಲಕ್ಷ ಆಯ್ತು.

ಗೋಪಿ
ಆ ಹರ್ಟ್ಸ್‌ಸ್ಪ್ರುಂಗ್ ಲೇಖನದಲ್ಲಿ ಮೋಡದ ದೂರ 30,000 ಜ್ಯೋತಿರ್ವರ್ಷ ಬದಲು 3,000 ಅಂತ ಅಚ್ಚಾಗಿತ್ತಂತೆ. ಒಂದು ಸೊನ್ನೆ ಬಿಟ್ಟುಹೋಗಿದ್ದು. ಇವತ್ತಿನ ಲೆಕ್ಕ ಸುಮಾರು 2 ಲಕ್ಷ.

ಮಂಜುಳಾ
ಸರಿ, ಆದ್ರೆ ಇದು 30 ವರ್ಷ ಯಾರ ಕಣ್ಣಿಗೂ ಬೀಳ್ಲಿಲ್ವಾ? ಅದೇ ಗೆರೆ ಇಟ್ಕೊಂಡು ಶಾಪ್ಲಿ ಗೋಳಗುಚ್ಛಗಳ, ಅಂದ್ರೆ ಚೆಂಡಿನ ಥರ ಗುಂಪುಗೂಡಿದ ನಕ್ಷತ್ರಗಳ, ದೂರ ಎಲ್ಲಾ ಅಳೆದ್ರಲ್ಲ, ಅಲ್ಲೇ ಎಡವಟ್ಟು ಕಾಣಬೇಕಿತ್ತು.

ರಾತ್ರಿಪಾಳಿ
ಅಲ್ಲಿ ಕಾಣದೇ ಹೋಗಿದ್ದೇ ಈ ತಪ್ಪು ಅಷ್ಟು ವರ್ಷ ಬದುಕೋಕೆ ಕಾರಣ. ಗೋಳಗುಚ್ಛಗಳಲ್ಲಿ ಇರೋವು ಬೇರೆ ಜಾತಿಯ ಸೆಫೀಡ್‌ಗಳು. ಮುದಿ ನಕ್ಷತ್ರಗಳು, ತೂಕ ಸೂರ್ಯನ ಅರ್ಧದಷ್ಟು, ಲೋಹ ಕಡಿಮೆ. ಅದೇ ಅವಧಿಗೆ ಅವು ತಟ್ಟೆಯ ಎಳೇ ಸೆಫೀಡ್‌ಗಳಿಗಿಂತ ಒಂದೂವರೆ ಮ್ಯಾಗ್ನಿಟ್ಯೂಡ್ ಮಂಕು. ಅಂದ್ರೆ ತಪ್ಪಾಗಿ ಕೆಳಗೆ ಕೂತ ಗೆರೆ ಆ ಮುದಿ ಜಾತಿಗೆ ಹೆಚ್ಚುಕಮ್ಮಿ ಸರಿಯಾಗೇ ಹೊಂದ್ಕೊಂಡ್ಬಿಡ್ತು. ಎರಡೂ ಒಂದೇ ಜಾತಿ ಅಂತ ನಂಬಿದ್ದವರಿಗೆ ಎಲ್ಲಾ ತಾಳೆ ಆದ ಹಾಗೆ ಕಾಣ್ತು. ಆಂಡ್ರೊಮಿಡಾದಲ್ಲಿ ಹಬಲ್ ನೋಡಿದ್ದು ಎಳೇ ಜಾತಿ, ಅಲ್ಲಿ ಮಾತ್ರ ದೂರ ಅರ್ಧಕ್ಕೆ ಇಳೀತು.

ಇದನ್ನ ಹಿಡಿದಿದ್ದು ವಾಲ್ಟರ್ ಬಾಡೆ. ಹಿಡಿದ ರೀತಿ ನಂಗೆ ತುಂಬಾ ಇಷ್ಟ. ಪಾಲೊಮಾರ್‌ನ 200 ಇಂಚಿನ ಟೆಲಿಸ್ಕೋಪ್ ಬಂದಾಗ ಅವರಿಗೆ ಒಂದು ನಿರೀಕ್ಷೆ ಇತ್ತು. ಹಬಲ್ ಹೇಳಿದ ದೂರ ಸರಿ ಇದ್ರೆ, ಗೋಳಗುಚ್ಛಗಳಲ್ಲಿ ಕಾಣೋ ಆರ್‌ಆರ್ ಲೈರೇ ನಕ್ಷತ್ರಗಳು, ಅರ್ಧ ದಿನದ ಅವಧಿಯ ಚಿಕ್ಕ ಮಿಡಿಯೋ ನಕ್ಷತ್ರಗಳು, ಆಂಡ್ರೊಮಿಡಾದಲ್ಲಿ ಸುಮಾರು 22.4 ಮ್ಯಾಗ್ನಿಟ್ಯೂಡಿಗೆ ಕಾಣಬೇಕು. ಪ್ಲೇಟ್ ಅಲ್ಲಿಗೆ ಮುಟ್ತು, ಒಂದೂ ಕಾಣ್ಲಿಲ್ಲ. ಬದಲಿಗೆ ಆ ಕೊನೆ ಅಂಚಲ್ಲಿ ಕಂಡಿದ್ದು ಮುದಿ ನಕ್ಷತ್ರಗಳಲ್ಲೇ ಅತಿ ಪ್ರಕಾಶದ ಕೆಂಪು ದೈತ್ಯಗಳು. ಗೋಳಗುಚ್ಛಗಳಲ್ಲಿ ಆ ದೈತ್ಯಗಳು ಆರ್‌ಆರ್ ಲೈರೇಗಿಂತ ಒಂದೂವರೆ ಮ್ಯಾಗ್ನಿಟ್ಯೂಡ್ ಹೆಚ್ಚು ಪ್ರಕಾಶ ಅಂತ ಮೊದಲೇ ಗೊತ್ತಿತ್ತು. ಹಾಗಾದ್ರೆ ಆರ್‌ಆರ್ ಲೈರೇಗಳು ಇನ್ನೂ ಒಂದೂವರೆ ಕೆಳಗೆ, ಪ್ಲೇಟಿಗೆ ಸಿಗದ ಕತ್ತಲೆಯಲ್ಲಿವೆ. ಗ್ಯಾಲಕ್ಸಿಯೇ ಎರಡು ಪಟ್ಟು ದೂರ ಇದೆ. 1952ರಲ್ಲಿ ರೋಮ್‌ನ ಖಗೋಳ ಸಮ್ಮೇಳನದಲ್ಲಿ ಹೇಳಿದ್ರು. ಕಾಣದೇ ಇದ್ದಿದ್ದೇ ಅವರಿಗೆ ಅಳತೆ ಆಯ್ತು ನೋಡಿ.

ನಾಗವೇಣಿ
ಚೆನ್ನಾಗಿ ಹೇಳಿದ್ರಿ, ಆದ್ರೆ 18 ಲಕ್ಷಕ್ಕೇ ನಿಂತಿದೆ. 25 ಲಕ್ಷಕ್ಕೆ ಮಿಕ್ಕಿದ್ದು ಎಲ್ಲಿಂದ ಬಂತು?

ರಾತ್ರಿಪಾಳಿ
ಅದು ಒಂದೇ ಏಟಿಗೆ ಆಗಿದ್ದಲ್ಲ. ಆ ಕಾಲದ ಫೋಟೋ ಪ್ಲೇಟಲ್ಲಿ ತೀರಾ ಮಂಕು ನಕ್ಷತ್ರಗಳ ಮ್ಯಾಗ್ನಿಟ್ಯೂಡ್ ಅಳೆಯೋ ಪಟ್ಟಿಯೇ ತಪ್ಪಿತ್ತು, ಅದು ಒಂದು ಭಾಗ. ಗೆರೆಯ ಎತ್ತರ ಆಮೇಲೂ ತಿದ್ದುತ್ತಾ ಬಂದ್ರು. ಎಷ್ಟು ಭಾಗ ಯಾವುದರಿಂದ ಅಂತ ಅಚ್ಚುಕಟ್ಟಾಗಿ ಹಂಚಿ ಕೊಡೋಕೆ ನಾನು ಹೋಗಲ್ಲ.

ಚುಕ್ಕಿಚಂದ್ರು
ನಂದೂ ಒಂದು ಕೇಸ್ ಇದೆ ಇಲ್ಲೇ ಹಾಕ್ತೀನಿ ಬೇಜಾರಾಗ್ಬೇಡಿ. ಡೆಲ್ಟಾ ಸೆಫೈನ ಬರಿಗಣ್ಣಲ್ಲಿ 40 ರಾತ್ರಿ ನೋಡಿದೀನಿ, ದಿನಾ ರಾತ್ರಿ 9 ಗಂಟೆಗೆ ಸರಿಯಾಗಿ ಟೆರೇಸ್ ಮೇಲೆ. ಪಕ್ಕದಲ್ಲೇ ಝೀಟಾ ಸೆಫೈ 3.35, ಎಪ್ಸಿಲಾನ್ ಸೆಫೈ 4.19 ಇವೆಯಲ್ಲ, ಅವೆರಡರ ನಡುವೆ ಎಲ್ಲಿದೆ ಅಂತ ಅಂದಾಜು ಮಾಡಿ ಬರ್ಕೊಂಡೆ, ತುಂಬಾ ಮಂಕಾದ ದಿನ ಎಪ್ಸಿಲಾನ್‌ಗಿಂತಲೂ ಕೆಳಗೆ ಹೋಗುತ್ತೆ. ಸಾಫ್ಟ್‌ವೇರಿಗೆ ಹಾಕಿದ್ರೆ ಮೊದಲ ಉತ್ತರ 1.23 ದಿನ ಕೊಡ್ತು, ಅದರ ಪಕ್ಕದಲ್ಲೇ ಅಷ್ಟೇ ಎತ್ತರದ್ದು 5.37 ಅಂತನೂ ಇತ್ತು. ಮೊದಲನೇದು ತಗೊಂಡು ಕೆಳಗಿನ ಸೂತ್ರಕ್ಕೆ ಹಾಕ್ದೆ

```
M = -2.43 (log P - 1) - 4.05
```

P ಅವಧಿ, ದಿನಗಳಲ್ಲಿ, M ನಿಜವಾದ ಪ್ರಕಾಶದ ಮ್ಯಾಗ್ನಿಟ್ಯೂಡ್. M -1.84 ಬಂತು, ಸರಾಸರಿ ಕಾಣೋ ಬೆಳಕು 3.95, ದೂರ 144 ಪಾರ್ಸೆಕ್ ಆಯ್ತು, ಒಂದು ಪಾರ್ಸೆಕ್ ಅಂದ್ರೆ ಸುಮಾರು 3.26 ಜ್ಯೋತಿರ್ವರ್ಷ. ಆದ್ರೆ ಹಬಲ್ ಟೆಲಿಸ್ಕೋಪ್ ನೇರವಾಗಿ ಅಳೆದಿದ್ದು 273 ಅಂತೆ. ನಂದೂ ಅರ್ಧ ಬಂತು! ನಾನು ನೋಡಿದ್ದೂ ಆ ಮುದಿ ಜಾತಿನಾ?

ಲೆಕ್ಕದ ಮೇಷ್ಟ್ರು
ಚಂದ್ರು, ಡೆಲ್ಟಾ ಸೆಫೈ ಹೆಸರಿಂದಲೇ ಎಳೇ ಜಾತಿಗೆ ಸೆಫೀಡ್ ಅಂತ ಹೆಸರು ಬಂದಿದ್ದು ಮಾರಾಯ. ಅದು ಮುದಿ ಆಗೋಕೆ ಸಾಧ್ಯ ಇಲ್ಲ.

ರಾತ್ರಿಪಾಳಿ
ಚಂದ್ರು, ನಿಮ್ಮ ಅವಧಿ ತಪ್ಪು. 5.37 ಸರಿ. 1784ರಲ್ಲಿ ಗುಡ್‌ರಿಕ್ ಇದನ್ನ ಕಂಡುಹಿಡಿದಾಗಲೂ ಅಷ್ಟೇ ಇತ್ತು. ಒಂದು ಪ್ರಶ್ನೆ ಕೇಳ್ತೀನಿ, 1.23 ದಿನಕ್ಕೆ ಮಡಚಿ ಗ್ರಾಫ್ ಹಾಕಿದ್ರಲ್ಲ, ಅದರಲ್ಲಿ ಬೆಳಕು ನಿಧಾನ ಏರಿ ದಡಕ್ಕಂತ ಇಳಿಯುತ್ತಾ?

ಚುಕ್ಕಿಚಂದ್ರು
ಹೌದು ಸಾರ್! ಹೇಗೆ ಗೊತ್ತಾಯ್ತು?

ರಾತ್ರಿಪಾಳಿ
ಸೆಫೀಡ್ ಹಾಗೆ ಮಾಡಲ್ಲ. ಅದು ಬೇಗ ಏರಿ ನಿಧಾನ ಇಳಿಯುತ್ತೆ. ಡೆಲ್ಟಾ ಸೆಫೈ ಸುಮಾರು ಒಂದೂವರೆ ದಿನದಲ್ಲಿ ಏರಿ, ನಾಲ್ಕು ದಿನ ತಗೊಂಡು ಇಳಿಯುತ್ತೆ. ನಿಮ್ಮದು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಕೊಂಡಿದೆ.

ನೀವು ದಿನಾ 9 ಗಂಟೆಗೇ ನೋಡಿದ್ರಿ, ಅಂದ್ರೆ ಸರಿಯಾಗಿ 24 ಗಂಟೆಗೆ ಒಂದ್ಸಲ. ನಿಜವಾದ ನಕ್ಷತ್ರ ದಿನಕ್ಕೆ 0.186 ಸುತ್ತು ಮುಗಿಸುತ್ತೆ. ದಿನಕ್ಕೆ 0.814 ಸುತ್ತು ಹಿಮ್ಮುಖವಾಗಿ ಹೋಗೋ ಇನ್ನೊಂದು ನಕ್ಷತ್ರ ಇದ್ರೆ ಅದು ಕೂಡ ದಿನಾ 9 ಗಂಟೆಗೆ ಇದೇ ಬೆಳಕು ತೋರ್ಸುತ್ತೆ. 1 ಭಾಗಿಸು 0.814 ಮಾಡಿ, 1.23 ಬರುತ್ತೆ. ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣಲ್ವಾ, ಅದೇ ಇದು. ನಿಮ್ಮ 40 ರಾತ್ರಿಯ ಡೇಟಾದಲ್ಲಿ ಇವೆರಡನ್ನ ಬೇರೆ ಮಾಡೋಕೆ ಸಾಫ್ಟ್‌ವೇರಿಗೆ ದಾರಿಯೇ ಇಲ್ಲ. ಇನ್ನು ಮೇಲೆ ಒಂದೇ ರಾತ್ರಿ ಎರಡು ಹೊತ್ತು ನೋಡಿ, 8ಕ್ಕೆ ಒಂದು, 1ಕ್ಕೆ ಒಂದು. 1.23 ದಿನ ನಿಜ ಆಗಿದ್ರೆ ಐದು ಗಂಟೇಲಿ ಕಣ್ಣಿಗೆ ಗೊತ್ತಾಗೋ ಅಷ್ಟು ಬದಲಾಗಬೇಕು.

ಮಂಜುಳಾ
ಅಯ್ಯೋ ಎಷ್ಟು ಚೆನ್ನಾಗಿದೆ ಇದು. ಅವಧಿ ತಪ್ಪಿದ್ರೂ ಒಂದೂವರೆ ಮ್ಯಾಗ್ನಿಟ್ಯೂಡೇ ತಪ್ಪಿದೆ, ದೂರವೂ ಅರ್ಧವೇ, ಕಾರಣ ಮಾತ್ರ ಪೂರ್ತಿ ಬೇರೆ. ಹಾಗಾದ್ರೆ ಉತ್ತರ ಅರ್ಧ ಬಂತು ಅನ್ನೋದ್ರಿಂದ ತಪ್ಪು ಎಲ್ಲಿ ಅಂತ ಹೇಳೋಕಾಗಲ್ಲ.

ವಿನಯ್
ನನ್ನ ಪ್ರಶ್ನೆ ಹಾಗೇ ಉಳೀತು. ಉಬ್ಬಿ ಕುಗ್ಗೋದಕ್ಕೂ ಪ್ರಕಾಶಕ್ಕೂ ಏನ್ ನಂಟು?

ರಾತ್ರಿಪಾಳಿ
ಸಾರಿ ವಿನಯ್, ಮರೆತೆ. ದೊಡ್ಡ ಗಂಟೆ ನಿಧಾನ ಕಂಪಿಸುತ್ತೆ, ಚಿಕ್ಕದು ಬೇಗ, ಹೆಚ್ಚುಕಮ್ಮಿ ಆ ಲೆಕ್ಕ. ಹೆಚ್ಚು ಪ್ರಕಾಶದ ಸೆಫೀಡ್ ಗಾತ್ರದಲ್ಲೂ ಭಾರಿ ದೊಡ್ಡದು, ಒಳಗೆ ತೆಳ್ಳಗೆ ಹರಡಿಕೊಂಡಿರುತ್ತೆ. ತೆಳುವಾದಷ್ಟೂ ಒಂದ್ಸಲ ಉಬ್ಬಿ ವಾಪಸ್ ಬರೋಕೆ ಹೆಚ್ಚು ದಿನ ಬೇಕು. ಸೂರ್ಯನ ಥರ ಸುಮ್ನೆ ಇರದೆ ಇವು ಮಿಡೀತಾನೇ ಇರೋದು ಹೊರಪದರದಲ್ಲಿರೋ ಹೀಲಿಯಂನಿಂದ. ಪದರ ಕುಗ್ಗಿದಾಗ ಹೀಲಿಯಂ ತನ್ನ ಉಳಿದ ಎಲೆಕ್ಟ್ರಾನನ್ನೂ ಕಳ್ಕೊಂಡು ಬೆಳಕಿಗೆ ಅಡ್ಡ ನಿಲ್ಲುತ್ತೆ, ಒಳಗಿನ ಶಾಖ ಕಟ್ಟಿಕೊಂಡು ಪದರವನ್ನ ಹೊರಗೆ ತಳ್ಳುತ್ತೆ. ಉಬ್ಬಿ ತಣ್ಣಗಾದಾಗ ಎಲೆಕ್ಟ್ರಾನ್ ಮತ್ತೆ ಸೇರ್ಕೊಳ್ಳುತ್ತೆ, ಬೆಳಕು ಹೊರಗೆ ಹೋಗುತ್ತೆ, ಪದರ ಕುಸಿಯುತ್ತೆ. ಕುಕ್ಕರ್ ಮುಚ್ಚಳದ ವೆಯ್ಟ್ ಎದ್ದು ಬಿದ್ದ ಹಾಗೆ.

ಗೋಪಿ
ಧ್ರುವ ನಕ್ಷತ್ರವೂ ಸೆಫೀಡೇ, 4 ದಿನದ ಅವಧಿ. ಏರಿಳಿತ ತೀರಾ ಸಣ್ಣದು, ಬರಿಗಣ್ಣಿಗೆ ಗೊತ್ತಾಗಲ್ಲ.

ನಾಗವೇಣಿ
ನಾನು ಸ್ವಲ್ಪ ಜಗಳ ತೆಗೀತೀನಿ. ಚಂದ್ರು ಹಾಕಿದ ಆ ಸೂತ್ರ, 2007ರಲ್ಲಿ ಹಬಲ್ ಟೆಲಿಸ್ಕೋಪಿಂದ 10 ಹತ್ತಿರದ ಸೆಫೀಡ್‌ಗಳ ಪ್ಯಾರಲಾಕ್ಸ್, ಅಂದ್ರೆ ಭೂಮಿ ಸೂರ್ಯನ ಸುತ್ತೋವಾಗ ಅವು ಸ್ವಲ್ಪ ಸರಿದ ಹಾಗೆ ಕಾಣೋ ಕೋನ, ಅಳೆದು ಕಟ್ಟಿದ್ದು. ಆ ಹತ್ತರಲ್ಲಿ ಡೆಲ್ಟಾ ಸೆಫೈ ಕೂಡ ಒಂದು! ಅದೇ ನಕ್ಷತ್ರದಿಂದ ಸೂತ್ರ ಮಾಡಿ, ಅದೇ ನಕ್ಷತ್ರಕ್ಕೆ ಹಾಕಿ, ದೂರ ತಾಳೆ ಆಯ್ತು ಅಂದ್ರೆ ಏನು ಸಾಬೀತಾಯ್ತು?

ರಾತ್ರಿಪಾಳಿ
ನಿಜ, ಅದು ಪರೀಕ್ಷೆ ಅಲ್ಲ, ಅಭ್ಯಾಸ ಅಷ್ಟೇ. ಚಂದ್ರುಗೆ ಅಷ್ಟು ಸಾಕು. ನಿಜವಾದ ಪರೀಕ್ಷೆ ಅಂದ್ರೆ ಸೆಫೀಡ್ ಬಿಟ್ಟು ಬೇರೆ ದಾರೀಲಿ ದೂರ ಗೊತ್ತಿರೋ ಜಾಗಕ್ಕೆ ಹೋಗಬೇಕು. ದೊಡ್ಡ ಮೆಗಲಾನಿಕ್ ಮೋಡದ ದೂರವನ್ನ ಒಂದನ್ನೊಂದು ಮರೆಮಾಡೋ ಜೋಡಿ ನಕ್ಷತ್ರಗಳಿಂದ ಅಳೆದಿದ್ದಾರೆ, 49.6 ಕಿಲೋಪಾರ್ಸೆಕ್, ಶೇಕಡ 1ರ ಒಳಗಿನ ಖಚಿತತೆ. ಎನ್‌ಜಿಸಿ 4258 ಅನ್ನೋ ಗ್ಯಾಲಕ್ಸಿಯಲ್ಲಿ ಕಪ್ಪುಕುಳಿ ಸುತ್ತ ತಿರುಗೋ ಅನಿಲದ ರೇಡಿಯೋ ಚುಕ್ಕಿಗಳಿವೆ, ಅವುಗಳ ವೇಗ ಮತ್ತೆ ಚಲನೆಯಿಂದ 7.6 ಮೆಗಾಪಾರ್ಸೆಕ್ ಬಂದಿದೆ. ಎರಡರಲ್ಲೂ ಸೆಫೀಡ್‌ಗಳು ಬೇಕಾದಷ್ಟಿವೆ. ಮಂಜುಳಾ ಅವರ ಮೊದಲ ಪೋಸ್ಟಿನ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ. 1923ರಲ್ಲಿ ಗೆರೆಯ ಎತ್ತರ ಒಂದೇ ಮೊಳೆ ಮೇಲೆ ನೇತಾಡ್ತಿತ್ತು, ಈಗ ಮೂರು ಬೇರೆ ಬೇರೆ ಮೊಳೆ ಇವೆ.

ನಾಗವೇಣಿ
ಹಾಗಿದ್ರೂ ಬ್ರಹ್ಮಾಂಡ ಹಿಗ್ಗೋ ವೇಗ ಸೆಫೀಡ್ ಮತ್ತೆ ಸೂಪರ್‌ನೋವಾ ದಾರೀಲಿ ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ 73 ಕಿಲೋಮೀಟರ್ ಬರುತ್ತೆ, ಪ್ಲ್ಯಾಂಕ್ ಉಪಗ್ರಹದ ದಾರೀಲಿ 67.4. ದೂರದ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಒತ್ತೊತ್ತಾಗಿರುತ್ತೆ, ಪಕ್ಕದವುಗಳ ಬೆಳಕು ಸೆಫೀಡ್ ಬೆಳಕಿಗೆ ಬೆರೆತು ಹೆಚ್ಚು ಪ್ರಕಾಶ ಕಾಣ್ಸುತ್ತೆ, ಹತ್ರ ಇದೆ ಅಂದ್ಕೋತಾರೆ. ಬಾಡೆ ಕಾಲದ ಥರದ್ದೇ ತಪ್ಪು ಇನ್ನೂ ಒಳಗಿರಬಹುದು ಅಂತ ನನ್ನ ಅನುಮಾನ.

ರಾತ್ರಿಪಾಳಿ
ಒತ್ತೊತ್ತಿನ ಅನುಮಾನ ಇದ್ದಿದ್ದು ನ್ಯಾಯವಾಗೇ. ಅದಕ್ಕೇ ಜೇಮ್ಸ್ ವೆಬ್ ಟೆಲಿಸ್ಕೋಪಲ್ಲಿ ಅದೇ ಸೆಫೀಡ್‌ಗಳನ್ನ ಮತ್ತೆ ನೋಡಿದ್ರು. ಅವಗೆಂಪಿನಲ್ಲಿ ಅದರ ಕಣ್ಣು ಹಬಲ್‌ಗಿಂತ ತುಂಬಾ ಚೂಪು, ಪಕ್ಕದ ನಕ್ಷತ್ರಗಳು ಬೇರೆಬೇರೆಯಾಗಿ ಕಾಣ್ತವೆ. ಗೆರೆಯ ಸುತ್ತ ಚದುರಿದ್ದ ಚುಕ್ಕಿಗಳು ಒತ್ತಾಗಿ ಗೆರೆ ಮೇಲೆ ಬಂದ್ವು, ಆದ್ರೆ ಗೆರೆ ಜಾಗ ಬಿಟ್ಟು ಸರೀಲಿಲ್ಲ. ಹಾಗಾಗಿ ಒತ್ತೊತ್ತು ಒಂದರಿಂದಲೇ ಇಷ್ಟು ಅಂತರ ಬಂದಿಲ್ಲ ಅಂತ ನಾನು ಒಪ್ಕೊಂಡಿದೀನಿ. ಲೋಹದ ಪ್ರಮಾಣ ಬದಲಾದ್ರೆ ಗೆರೆ ಎಷ್ಟು ಸರಿಯುತ್ತೆ ಅನ್ನೋದ್ರಲ್ಲಿ ಮಾತ್ರ ಇನ್ನೂ ತಕರಾರಿದೆ.

ನಾಗವೇಣಿ
ಕೆಂಪು ದೈತ್ಯಗಳನ್ನ ಇಟ್ಕೊಂಡು ಅಳೆಯೋ ಇನ್ನೊಂದು ತಂಡಕ್ಕೆ 70ರ ಆಸುಪಾಸು ಬರ್ತಿದೆ. ನಾನಿನ್ನೂ ಒಪ್ಪಿಲ್ಲ.

ಲೆಕ್ಕದ ಮೇಷ್ಟ್ರು
ಸೆಫೀಡ್ ಬಿಟ್ಟು ಸೂಪರ್‌ನೋವಾ ಮಾತ್ರ ಹಿಡ್ಕೊಂಡ್ರೆ ಆಗಲ್ವಾ?

ರಾತ್ರಿಪಾಳಿ
ಸೂಪರ್‌ನೋವಾಕ್ಕೂ ನಿಜವಾದ ಪ್ರಕಾಶ ಎಷ್ಟು ಅಂತ ಯಾರಾದ್ರೂ ಹೇಳಬೇಕಲ್ಲ ಮೇಷ್ಟ್ರೇ. ಸೆಫೀಡೂ ಇದ್ದು ಸೂಪರ್‌ನೋವಾನೂ ಸಿಡಿದಿರೋ ಗ್ಯಾಲಕ್ಸಿಗಳನ್ನ ಹುಡುಕಿ ಹೇಳ್ಸೋದು.

ಚುಕ್ಕಿಚಂದ್ರು
ವಾಪಸ್ ಬಂದೆ. ನಾಲ್ಕು ರಾತ್ರಿ ಮೋಡ, ಎರಡು ರಾತ್ರಿ ಸಿಕ್ತು. ಎರಡೂ ರಾತ್ರಿ 8ಕ್ಕೆ ಮತ್ತೆ 1ಕ್ಕೆ ನೋಡ್ದೆ. ಒಂದು ದಿನ 3.9 ಇದ್ದಿದ್ದು 3.9 ಆಗೇ ಇತ್ತು, ಇನ್ನೊಂದು ದಿನ 4.1 ಇದ್ದಿದ್ದು 4.1 ಆಗೇ ಇತ್ತು. 1.23 ಬಿಟ್ಹಾಕ್ದೆ. 5.37 ಹಾಕಿದ್ರೆ M -3.39, ದೂರ 294 ಪಾರ್ಸೆಕ್. ಈಗ 273 ದಾಟಿ ಆಚೆ ಹೋಯ್ತು.

ಮಂಜುಳಾ
ಚಂದ್ರು ಅವರೇ, ಧೂಳು ಕಳೆದ್ರಾ? ಇದು ನಕ್ಷತ್ರದ ಕಡೆಯ ಧೂಳು, ಹಾಗಾಗಿ ಈ ಸಲ ಹತ್ರ ಬರಬೇಕು.

ಚುಕ್ಕಿಚಂದ್ರು
ಇಲ್ಲ ಮೇಡಂ ಕಳೆದಿರ್ಲಿಲ್ಲ. ಎಷ್ಟು ಕಳೀಬೇಕು?

ರಾತ್ರಿಪಾಳಿ
ಕಾಲು ಮ್ಯಾಗ್ನಿಟ್ಯೂಡ್ ಹಿಡೀರಿ ಸುಮಾರಿಗೆ.

ಚುಕ್ಕಿಚಂದ್ರು
262 ಬಂತು. ಮಿಕ್ಕ 11 ಪಾರ್ಸೆಕ್ ನನ್ನ ಕಣ್ಣಿನ ತಪ್ಪಾ?

ರಾತ್ರಿಪಾಳಿ
ನಿಮ್ಮ ಕಣ್ಣಿನದ್ದೇ ಅಂತ ಹೇಳೋಕಾಗಲ್ಲ. ಒಂದೇ ಅವಧಿಯ ಎರಡು ಸೆಫೀಡ್‌ಗಳು ಸರಿಯಾಗಿ ಒಂದೇ ಪ್ರಕಾಶ ಇರಲ್ಲ, ಒಂದು ಸ್ವಲ್ಪ ಬಿಸಿ, ಇನ್ನೊಂದು ಸ್ವಲ್ಪ ತಂಪು. ಕಣ್ಣಿಗೆ ಕಾಣೋ ಬೆಳಕಲ್ಲಿ ಗೆರೆಗೆ ಸುಮಾರು 0.2 ಮ್ಯಾಗ್ನಿಟ್ಯೂಡ್ ದಪ್ಪ ಇದೆ, ಅಂದ್ರೆ ಒಂಟಿ ನಕ್ಷತ್ರದ ದೂರದಲ್ಲಿ ಶೇಕಡ 10. ನಿಮ್ಮದು ಶೇಕಡ 4 ಅಷ್ಟೇ ಬಿಟ್ಟಿದೆ. ಅವಗೆಂಪಿನಲ್ಲಿ ಧೂಳೂ ಕಡಿಮೆ ಅಡ್ಡ ಬರುತ್ತೆ, ಗೆರೆಯೂ ತೆಳುವಾಗುತ್ತೆ. ಬರಿಗಣ್ಣಲ್ಲಿ ಇದಕ್ಕಿಂತ ಮುಂದೆ ಹೋಗೋಕಾಗಲ್ಲ. ಮುಂದಿನ ಸಲ ಈಟಾ ಅಕ್ವಿಲೇ ತಗೊಳ್ಳಿ, ಅವಧಿ 7 ದಿನಕ್ಕಿಂತ ಸ್ವಲ್ಪ ಜಾಸ್ತಿ, ಅದು ಆ ಹತ್ತು ನಕ್ಷತ್ರಗಳ ಪಟ್ಟಿಯಲ್ಲಿ ಇಲ್ಲ. ನಾಗವೇಣಿ ಅವರಿಗೂ ಆಕ್ಷೇಪಣೆ ಇರಲ್ಲ.

ನಾಗವೇಣಿ
ಅದನ್ನ ಮಾಡಿ ಚಂದ್ರು, ನಾನೂ ನೋಡ್ತೀನಿ. ಆದ್ರೆ ಇಬ್ರೂ ಒಂದೇ ಹೊತ್ತಿಗೆ ನೋಡೋದು ಬೇಡ. ನೀವು 8ಕ್ಕೆ, ನಾನು 11ಕ್ಕೆ.